ಸಂಬಳದ ಟಿಡಿಎಸ್ ಸರಿಯಾಗಿದೆಯೇ? ವರ್ಷದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚಿ ನೋಡುವ ಬಗೆ

ಕಳೆದ ಅಕ್ಟೋಬರ್ ಕೊನೆಯ ದಿನ, ತಲಕಾವೇರಿಯ ತೀರ್ಥೋದ್ಭವ ಮುಗಿದು ಎರಡು ವಾರವಾಗಿತ್ತು. ಕುಶಾಲನಗರದಲ್ಲಿರುವ ನಮ್ಮ ಭಾವ ಸಂಜೆ ಗೋಣಿಕೊಪ್ಪಲಿನ ನಮ್ಮ ಮನೆಗೆ ಬಂದರು. ಕೂತವರೇ ಮೊಬೈಲ್ ಮುಂದೆ ಹಿಡಿದರು. "ನೋಡು ಮಾರಾಯ, ಇನ್‌ಕ್ರಿಮೆಂಟ್ ಸಿಕ್ಕಿತು ಅಂತ ಖುಷಿಪಟ್ಟರೆ ಟ್ಯಾಕ್ಸ್ ಡಬಲ್ ಆಗಿಬಿಟ್ಟಿದೆ. ಇದು ಸರಿಯಾ?"

ಸೆಪ್ಟೆಂಬರ್‌ವರೆಗೆ ಅವರ ಸಂಬಳ ಚೀಟಿಯಲ್ಲಿ ಪ್ರತಿ ತಿಂಗಳೂ 7,345 ರೂಪಾಯಿ ಟಿಡಿಎಸ್ ಇತ್ತು. ಅಕ್ಟೋಬರ್‌ನಲ್ಲಿ ಅದು 13,628 ಆಗಿತ್ತು. ಹದಿನೈದು ವರ್ಷ ತೋಟದ ಕಚೇರಿಯೊಂದರಲ್ಲಿ ಸಂಬಳದ ಲೆಕ್ಕ ಬರೆದವನು ನಾನು. ಆದರೂ ಆ ಸಂಖ್ಯೆ ಸರಿಯೋ ತಪ್ಪೋ ಅಂತ ನೋಡಿದ ತಕ್ಷಣ ಹೇಳಲಾಗಲಿಲ್ಲ. ಒಂದು ತಿಂಗಳ ಟಿಡಿಎಸ್ಸನ್ನು ಅದೇ ತಿಂಗಳ ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಇಡೀ ವರ್ಷವನ್ನು ಕಾಗದದ ಮೇಲೆ ಹರಡಿಕೊಳ್ಳಬೇಕು. ಅವತ್ತು ಭಾವನ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯ ಲೆಕ್ಕವಿದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸಂಬಳದ ಟಿಡಿಎಸ್‌ಗೆ ಇದ್ದ ಕಲಂ 192ರ ಬದಲು ಈಗ ಕಲಂ 392. ಲೆಕ್ಕ ಹಾಕುವ ರೀತಿ ಬದಲಾಗಿಲ್ಲ. ಆಯಾ ವರ್ಷದ ಸ್ಲ್ಯಾಬ್ ಹಾಕಿಕೊಂಡರೆ ಆಯಿತು.

ಮಾಲೀಕರು ಯಾವ ಲೆಕ್ಕದಲ್ಲಿ ಹಿಡಿಯುತ್ತಾರೆ

ಬ್ಯಾಂಕ್ ಬಡ್ಡಿಗೆ ಶೇಕಡಾ ಇಷ್ಟು ಅಂತ ಹಿಡಿಯುವ ಹಾಗೆ ಸಂಬಳಕ್ಕೆ ನಿಗದಿತ ದರವಿಲ್ಲ. ಸಂಬಳ ಕೊಡುವವರು ನಿಮ್ಮ ಇಡೀ ವರ್ಷದ ಸಂಬಳ ಎಷ್ಟಾಗಬಹುದು ಎಂದು ಅಂದಾಜು ಮಾಡಬೇಕು, ಅದರ ಮೇಲೆ ವರ್ಷದ ತೆರಿಗೆ ಲೆಕ್ಕ ಹಾಕಬೇಕು, ಅದನ್ನು ತಿಂಗಳುಗಳಿಗೆ ಹಂಚಬೇಕು. ವರ್ಷದ ಮಧ್ಯೆ ಅಂದಾಜು ಬದಲಾದರೆ ಹಿಂದೆ ಕಡಿಮೆ ಹಿಡಿದದ್ದನ್ನು ಮುಂದಿನ ತಿಂಗಳುಗಳಲ್ಲಿ ಹೆಚ್ಚಿಸಿ, ಹೆಚ್ಚು ಹಿಡಿದದ್ದನ್ನು ಕಡಿಮೆ ಮಾಡಿ ಸರಿದೂಗಿಸುವ ಅಧಿಕಾರವನ್ನು ಕಾಯ್ದೆಯೇ ಅವರಿಗೆ ಕೊಟ್ಟಿದೆ. ಆದ್ದರಿಂದ ಯಾವ ತಿಂಗಳಲ್ಲಿ ನೋಡಿದರೂ ಲೆಕ್ಕ ಇದೊಂದೇ:

```
ಈ ತಿಂಗಳ ಟಿಡಿಎಸ್ = (ವರ್ಷದ ಅಂದಾಜು ತೆರಿಗೆ - ಇದುವರೆಗೆ ಹಿಡಿದದ್ದು) / ಉಳಿದ ತಿಂಗಳು
```

ಉಳಿದ ತಿಂಗಳು ಎನ್ನುವಾಗ ಈ ತಿಂಗಳೂ ಸೇರುತ್ತದೆ. ಅಕ್ಟೋಬರ್‌ನಲ್ಲಿ ಕೂತು ಲೆಕ್ಕ ಹಾಕಿದರೆ ಮಾರ್ಚ್‌ವರೆಗೆ ಆರು. ಹೆಚ್ಚಿನವರು ಎಡವುವುದು ಇಲ್ಲೇ. ಅಕ್ಟೋಬರ್ ಮುಗಿಯಿತಲ್ಲ ಅಂತ ಐದು ಹಿಡಿದು, ಬಂದ ಉತ್ತರವನ್ನು ಚೀಟಿಯ ಜೊತೆ ಹೋಲಿಸಿ ಗಾಬರಿಯಾಗುತ್ತಾರೆ.

ಮೊದಲ ಹೆಜ್ಜೆ: ವರ್ಷದ ಸಂಬಳವನ್ನು ಕೂಡಿಸುವುದು

ಏಪ್ರಿಲ್‌ನಿಂದ ಈ ತಿಂಗಳವರೆಗಿನ ಎಲ್ಲ ಸಂಬಳ ಚೀಟಿಗಳನ್ನು ಎದುರಿಗಿಟ್ಟುಕೊಳ್ಳಿ. ಕೈಗೆ ಬಂದ ಮೊತ್ತ ಬೇಡ, ಕಡಿತಕ್ಕೆ ಮುಂಚಿನ ಒಟ್ಟು ಸಂಬಳ ಬೇಕು. ಮುಗಿದ ತಿಂಗಳುಗಳಿಗೆ ನಿಜವಾಗಿ ಬಂದದ್ದನ್ನು ಬರೆಯಿರಿ. ಮುಂದಿನ ತಿಂಗಳುಗಳಿಗೆ ಈಗಿನ ಸಂಬಳವನ್ನೇ ಬರೆಯಿರಿ. ಬೋನಸ್, ಬಾಕಿ, ರಜೆ ನಗದೀಕರಣ ಇಂಥ ಒಂದು ಸಲದ ಹಣವನ್ನು ಬೇರೆ ಸಾಲಿನಲ್ಲಿ ಇಡಿ. ಯಾಕೆ ಬೇರೆ ಇಡಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ಭಾವನ ಸಂಬಳ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,20,000. ಅಕ್ಟೋಬರ್‌ನಿಂದ 1,30,000. ಇನ್‌ಕ್ರಿಮೆಂಟ್ ಜುಲೈಯಿಂದಲೇ ಅನ್ವಯವಾಗಿದ್ದರಿಂದ ಜುಲೈ, ಆಗಸ್ಟ್, ಸೆಪ್ಟೆಂಬರ್‌ನ ಬಾಕಿ 30,000 ಅಕ್ಟೋಬರ್ ಸಂಬಳದ ಜೊತೆಗೇ ಬಂದಿತ್ತು. ನನ್ನ ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೀಗೆ ಬರೆದುಕೊಂಡೆವು:

```
ಏಪ್ರಿಲ್ - ಸೆಪ್ಟೆಂಬರ್    1,20,000 x 6     7,20,000
ಅಕ್ಟೋಬರ್ - ಮಾರ್ಚ್      1,30,000 x 6     7,80,000
ಬಾಕಿ (ಒಂದು ಸಲ)                           30,000
ಒಟ್ಟು                                 15,30,000
ಸ್ಟ್ಯಾಂಡರ್ಡ್ ಡಿಡಕ್ಷನ್                      - 75,000
ತೆರಿಗೆಗೆ ಒಳಪಡುವ ಆದಾಯ                  14,55,000
```

ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000. ಅದು ಬಿಟ್ಟರೆ ಸಾಮಾನ್ಯವಾಗಿ ಕಳೆಯಲು ಸಿಗುವುದು ಮಾಲೀಕರು ತಮ್ಮ ಪಾಲಾಗಿ ಎನ್‌ಪಿಎಸ್‌ಗೆ ಕಟ್ಟಿದ ಹಣ. ಭಾವನ ಕಂಪನಿಯಲ್ಲಿ ಎನ್‌ಪಿಎಸ್ ಇಲ್ಲ. ಸಂಬಳದಲ್ಲಿ ಕಡಿತವಾಗುವ ಪಿಎಫ್, ಎಲ್‌ಐಸಿ, ಮನೆ ಬಾಡಿಗೆ ಯಾವುದನ್ನೂ ಇಲ್ಲಿ ಕಳೆಯುವಂತಿಲ್ಲ. ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ಕಡಿತವಾಗುತ್ತದೆ. ಅದನ್ನೂ ಹೊಸ ಪದ್ಧತಿಯಲ್ಲಿ ಕಳೆಯುವುದಿಲ್ಲ. ಚೀಟಿಯಲ್ಲಿ ಅದು ಟಿಡಿಎಸ್‌ನ ಪಕ್ಕದ ಸಾಲಿನಲ್ಲೇ ಇರುವುದರಿಂದ ಎರಡನ್ನೂ ಕೂಡಿಸಿ "ಟ್ಯಾಕ್ಸ್" ಅನ್ನುವವರಿದ್ದಾರೆ. ಹಾಗೆ ಮಾಡಬೇಡಿ, ಲೆಕ್ಕ ಎಂದೂ ಕೂಡಿಬರುವುದಿಲ್ಲ.

ಎರಡನೇ ಹೆಜ್ಜೆ: ವರ್ಷದ ತೆರಿಗೆ

ಸ್ಲ್ಯಾಬ್ ಹೀಗಿದೆ: 4 ಲಕ್ಷದವರೆಗೆ ತೆರಿಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 12 ಲಕ್ಷದವರೆಗೆ ಶೇ 10, 16 ಲಕ್ಷದವರೆಗೆ ಶೇ 15, 20 ಲಕ್ಷದವರೆಗೆ ಶೇ 20, 24 ಲಕ್ಷದವರೆಗೆ ಶೇ 25, ಅದರ ಮೇಲೆ ಶೇ 30. ಪ್ರತಿ 4 ಲಕ್ಷಕ್ಕೆ ದರ ಶೇ 5ರಷ್ಟು ಏರುತ್ತದೆ. ಇದರಿಂದ ಒಂದು ಸುಲಭ ದಾರಿ ಸಿಗುತ್ತದೆ. ನಿಮ್ಮ ಆದಾಯ 4 ಲಕ್ಷಕ್ಕಿಂತ ಎಷ್ಟು ಜಾಸ್ತಿ, 8 ಲಕ್ಷಕ್ಕಿಂತ ಎಷ್ಟು ಜಾಸ್ತಿ, 12 ಲಕ್ಷಕ್ಕಿಂತ ಎಷ್ಟು ಜಾಸ್ತಿ ಎಂದು ಬರೆಯುತ್ತ ಹೋಗಿ, ಎಲ್ಲ ಕೂಡಿಸಿ, ಇಪ್ಪತ್ತರಿಂದ ಭಾಗಿಸಿದರೆ ತೆರಿಗೆ ಬರುತ್ತದೆ.

ಭಾವನ 14,55,000ಕ್ಕೆ: 10,55,000, 6,55,000, 2,55,000. ಕೂಡಿಸಿದರೆ 19,65,000. ಇಪ್ಪತ್ತರಲ್ಲಿ ಒಂದು ಭಾಗ 98,250. ಅದರ ಮೇಲೆ ಶೇ 4 ಸೆಸ್ 3,930. ಒಟ್ಟು 1,02,180. ಸ್ಪ್ರೆಡ್‌ಶೀಟ್ ಬಳಸುವವರಿಗೆ, B5 ಕೋಶದಲ್ಲಿ ತೆರಿಗೆಗೆ ಒಳಪಡುವ ಆದಾಯವಿದ್ದರೆ ಇದೇ ಲೆಕ್ಕ ಹೀಗೆ:

```
=SUMPRODUCT((B5>{400000,800000,1200000,1600000,2000000,2400000})
*(B5-{400000,800000,1200000,1600000,2000000,2400000}))*0.05*1.04
```

ಈ ಸೂತ್ರವನ್ನು 12 ಲಕ್ಷಕ್ಕಿಂತ ಚೆನ್ನಾಗಿ ಮೇಲಿರುವವರು ಹಾಗೆಯೇ ಬಳಸಬಹುದು. 12 ಲಕ್ಷದ ಆಸುಪಾಸಿನವರ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೇ ಹೆಜ್ಜೆ: ಹಂಚಿ ನೋಡುವುದು

ಸೆಪ್ಟೆಂಬರ್‌ವರೆಗೆ ಹಿಡಿದದ್ದು 7,345 x 6, ಅಂದರೆ 44,070. ಆ ಹಳೆಯ 7,345 ಸರಿಯಿತ್ತೇ ಎಂದು ಮೊದಲು ನೋಡಿಕೊಂಡೆವು. ಹಳೆಯ ಸಂಬಳದಲ್ಲಿ ವರ್ಷಕ್ಕೆ 14,40,000, ಡಿಡಕ್ಷನ್ ಕಳೆದು 13,65,000, ತೆರಿಗೆ 84,750, ಸೆಸ್ ಸೇರಿ 88,140, ಹನ್ನೆರಡರಿಂದ ಭಾಗಿಸಿದರೆ 7,345. ಒಂದು ರೂಪಾಯಿಯೂ ಆಚೀಚೆ ಇಲ್ಲ. ಅಂದರೆ ಕಂಪನಿಯ ಲೆಕ್ಕದ ಕ್ರಮ ಸರಿಯಾಗಿಯೇ ಇದೆ, ಏರುಪೇರಾಗಿದ್ದು ಅಕ್ಟೋಬರ್‌ನಲ್ಲಿ.

ಈಗ ಹೊಸ ತೆರಿಗೆ 1,02,180ರಲ್ಲಿ 44,070 ಕಳೆದರೆ 58,110. ಆರರಿಂದ ಭಾಗಿಸಿದರೆ 9,685. ಅಕ್ಟೋಬರ್ ಚೀಟಿಯಲ್ಲಿ ಇರಬೇಕಾಗಿದ್ದು ಇದು. ಇದ್ದದ್ದು 13,628. ಹೆಚ್ಚುವರಿ 3,943.

ಇಷ್ಟಕ್ಕೇ ನಿಲ್ಲಿಸಿ "ನನ್ನ ಲೆಕ್ಕದಲ್ಲಿ 9,685 ಬರುತ್ತದೆ" ಎಂದು ಕಚೇರಿಗೆ ಬರೆದರೆ "ಸಿಸ್ಟಮ್ ಲೆಕ್ಕ ಹಾಕಿದ್ದು ಸರ್" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಆ ಉತ್ತರ ಕೊಡುವವರ ಜಾಗದಲ್ಲಿ ನಾನೂ ಕೂತಿದ್ದೇನೆ. ತಿಂಗಳ ಕೊನೆಯಲ್ಲಿ ಐವತ್ತು ಜನ ಕೇಳುತ್ತಿರುವಾಗ ತಪ್ಪು ಎಲ್ಲಿದೆ ಎಂದು ಹುಡುಕಲು ಯಾರಿಗೂ ಪುರಸೊತ್ತಿರುವುದಿಲ್ಲ. ಎಲ್ಲಿದೆ ಎಂದು ನೀವೇ ತೋರಿಸಿದರೆ ಐದು ನಿಮಿಷದ ಕೆಲಸ. ಅದಕ್ಕೇ ನಾಲ್ಕನೇ ಹೆಜ್ಜೆ.

ನಾಲ್ಕನೇ ಹೆಜ್ಜೆ: ಚೀಟಿಯಿಂದ ಹಿಂದಕ್ಕೆ ನಡೆಯುವುದು

ಮೊದಲು ನನಗೆ ಬಂದ ಅನುಮಾನ ಬೇರೆ. ಕೆಲವು ಕಂಪನಿಗಳು ಬೋನಸ್ ಅಥವಾ ಬಾಕಿಯ ಮೇಲಿನ ತೆರಿಗೆಯನ್ನು ಮಾರ್ಚ್‌ವರೆಗೆ ಹಂಚದೆ, ಆ ಹಣ ಕೊಟ್ಟ ತಿಂಗಳಲ್ಲೇ ಪೂರ್ತಿ ಹಿಡಿದುಬಿಡುತ್ತವೆ. ಕೆಲಸಗಾರ ನಡುವೆ ಬಿಟ್ಟುಹೋದರೆ ತೆರಿಗೆ ಬಾಕಿಯಾಗಬಾರದು ಅಂತ. ವರ್ಷದ ಕೊನೆಗೆ ಮೊತ್ತ ಅಷ್ಟೇ ಆಗುವುದರಿಂದ ಅದರಿಂದ ನಷ್ಟವಿಲ್ಲ. ಹಾಗೆ ಮಾಡಿದ್ದರೆ ಎಷ್ಟಾಗಬೇಕು? 30,000 ಬಾಕಿಗೆ ಶೇ 15 ತೆರಿಗೆ, ಸೆಸ್ ಸೇರಿ 4,680. ಆರು ತಿಂಗಳ ಹೆಚ್ಚುವರಿ ಸಂಬಳ 60,000ಕ್ಕೆ 9,360, ಆರಕ್ಕೆ ಹಂಚಿದರೆ 1,560. ಹಳೆಯ 7,345ಕ್ಕೆ ಇವೆರಡನ್ನೂ ಸೇರಿಸಿದರೆ 13,585.

ಚೀಟಿಯಲ್ಲಿದ್ದದ್ದು 13,628. ವ್ಯತ್ಯಾಸ ಬರೀ 43 ರೂಪಾಯಿ. "ರೌಂಡ್ ಮಾಡಿರಬೇಕು ಬಿಡು" ಅಂದರು ಭಾವ. ನನಗೆ ಸಮಾಧಾನವಾಗಲಿಲ್ಲ. ಆದಾಯವನ್ನೂ ವರ್ಷದ ತೆರಿಗೆಯನ್ನೂ ಹತ್ತಿರದ ಹತ್ತು ರೂಪಾಯಿಗೆ ಹೊಂದಿಸುತ್ತಾರೆ. ಅದರಿಂದ ತಿಂಗಳ ಟಿಡಿಎಸ್‌ನಲ್ಲಿ ಬರುವ ವ್ಯತ್ಯಾಸ ಒಂದೆರಡು ರೂಪಾಯಿ. ನಲವತ್ಮೂರು ಬರಲು ಸಾಧ್ಯವಿಲ್ಲ. ರೌಂಡ್ ಮಾಡಿದ್ದರಿಂದ ವಿವರಿಸಲಾಗದ ವ್ಯತ್ಯಾಸ ಸಿಕ್ಕಾಗ, ಅದು ಚಿಕ್ಕದು ಅಂತ ಬಿಡಬಾರದು. ಬೇರೆ ಯಾವುದೋ ಲೆಕ್ಕ ನಡೆದಿದೆ ಎನ್ನುವ ಗುರುತು ಅದು.

ಹಾಗಾಗಿ ಚೀಟಿಯ ಸಂಖ್ಯೆಯಿಂದಲೇ ಹಿಂದಕ್ಕೆ ಹೊರಟೆವು. ತಿಂಗಳಿಗೆ 13,628 ಅಂದರೆ ಆರು ತಿಂಗಳಿಗೆ 81,768. ಆಗಲೇ ಹಿಡಿದ 44,070 ಸೇರಿಸಿದರೆ 1,25,838. ಕಂಪನಿ ಅಂದಾಜು ಮಾಡಿದ ವರ್ಷದ ತೆರಿಗೆ ಇದು. ಸೆಸ್ ತೆಗೆಯಲು 1.04ರಿಂದ ಭಾಗಿಸಿದರೆ 1,20,998. ಸರಿಯಾಗಿ 16 ಲಕ್ಷ ಆದಾಯಕ್ಕೆ ತೆರಿಗೆ 1,20,000. ಉಳಿದ 998 ಶೇ 20ರ ಸ್ಲ್ಯಾಬಿನಿಂದ ಬಂದದ್ದು, ಅಂದರೆ 16 ಲಕ್ಷದ ಮೇಲೆ ಇನ್ನೂ ಸುಮಾರು 5,000. ಆದಾಯ 16,05,000. ಅದಕ್ಕೆ 75,000 ಸೇರಿಸಿದರೆ ಒಟ್ಟು ಸಂಬಳ 16,80,000.

ನಮ್ಮ ಲೆಕ್ಕದಲ್ಲಿ 15,30,000 ಇತ್ತು. ವ್ಯತ್ಯಾಸ 1,50,000. ಅದು 30,000ದ ಐದು ಪಟ್ಟು. ಪುಸ್ತಕದಲ್ಲಿ ಬರೆದ ಕ್ಷಣವೇ ಭಾವನಿಗೂ ಹೊಳೆಯಿತು. ಅಕ್ಟೋಬರ್‌ನಲ್ಲಿ ಬಾಕಿ ಸೇರಿ ಬಂದ 1,60,000ವನ್ನೇ ಖಾಯಂ ಸಂಬಳವೆಂದು ಹಿಡಿದು, ನವೆಂಬರ್‌ನಿಂದ ಮಾರ್ಚ್‌ವರೆಗೂ ಅಷ್ಟೇ ಬರುತ್ತದೆ ಎಂದು ಸಿಸ್ಟಮ್ ಅಂದಾಜು ಮಾಡಿತ್ತು. ಒಂದು ಸಲದ ಹಣವನ್ನು ಬೇರೆ ಸಾಲಿನಲ್ಲಿ ಇಡಿ ಎಂದದ್ದು ಇದಕ್ಕೇ.

ಪುಣ್ಯಕ್ಕೆ ಆ ತಪ್ಪು ಭಾವನನ್ನು ಶೇ 15ರಿಂದ ಶೇ 20ರ ಸ್ಲ್ಯಾಬಿಗೆ ದಾಟಿಸಿತ್ತು. ದಾಟಿಸದೆ ಶೇ 15ರಲ್ಲೇ ಉಳಿದಿದ್ದರೆ ಎರಡೂ ಲೆಕ್ಕ ಒಂದೇ ಸಂಖ್ಯೆಗೆ ಬರುತ್ತಿತ್ತು. ಯಾವುದು ತಪ್ಪು, ಯಾವುದು ಕಂಪನಿಯ ಪದ್ಧತಿ ಎಂದು ಚೀಟಿಯಿಂದ ಹೇಳಲಾಗುತ್ತಿರಲಿಲ್ಲ. ಅಂಥ ಸಂದರ್ಭದಲ್ಲಿ ಸಂಬಳದ ಪೋರ್ಟಲ್‌ನಲ್ಲಿ ಚೀಟಿಯ ಜೊತೆಗಿರುವ ತೆರಿಗೆ ಲೆಕ್ಕದ ಹಾಳೆಯನ್ನು ತೆಗೆದು, ವರ್ಷದ ಒಟ್ಟು ಸಂಬಳದ ಸಾಲನ್ನು ನೇರವಾಗಿ ನೋಡಬೇಕು. ಭಾವನ ಕಂಪನಿಯ ಪೋರ್ಟಲ್‌ನಲ್ಲಿ ಆ ಹಾಳೆ ಸಿಗುತ್ತಿರಲಿಲ್ಲ.

ಐದನೇ ಹೆಜ್ಜೆ: ಬರೆಯುವುದು, ಮತ್ತು ಮುಂದಿನ ತಿಂಗಳು ನೋಡುವುದು

ಬೆಂಗಳೂರಿನ ಮುಖ್ಯ ಕಚೇರಿಗೆ ಭಾವ ಕಳಿಸಿದ ಮೇಲ್ ಚಿಕ್ಕದಾಗಿತ್ತು. ಹೆಚ್ಚುಕಡಿಮೆ ಹೀಗೆ: "ಅಕ್ಟೋಬರ್ ಟಿಡಿಎಸ್ 13,628 ವರ್ಷದ ಸಂಬಳ 16,80,000 ಎಂಬ ಅಂದಾಜಿನಿಂದ ಬಂದಂತೆ ಕಾಣುತ್ತದೆ. ಬಾಕಿ 30,000 ಒಂದೇ ಸಲ ಬಂದದ್ದು, ಆದ್ದರಿಂದ ವರ್ಷದ ಸಂಬಳ 15,30,000 ಆಗಬೇಕು. ದಯವಿಟ್ಟು ಪರಿಶೀಲಿಸಿ ನವೆಂಬರ್‌ನಲ್ಲಿ ಸರಿಪಡಿಸಿ." ಇಡೀ ಲೆಕ್ಕವನ್ನು ಬರೆದಿರಲಿಲ್ಲ. ಅವರು ತೆರೆದು ನೋಡಬೇಕಾದ ಒಂದೇ ಸಂಖ್ಯೆಯನ್ನು ಬರೆದಿದ್ದರು.

ಕಳಿಸುವ ಮುಂಚೆಯೇ ನಾನು ಒಂದು ಮಾತು ಹೇಳಿದ್ದೆ. "ಭಾವ, ಸರಿಮಾಡಿದ ಮೇಲೆ ನವೆಂಬರ್‌ನಲ್ಲಿ 9,685 ಬರುತ್ತದೆ ಅಂತ ಕಾಯಬೇಡಿ." ಅಕ್ಟೋಬರ್‌ನಲ್ಲಿ ಹೆಚ್ಚು ಹಿಡಿದ ಹಣವನ್ನು ಯಾರೂ ಕೈಗೆ ತಂದುಕೊಡುವುದಿಲ್ಲ. ಅದು ಉಳಿದ ತಿಂಗಳುಗಳಲ್ಲಿ ಕಡಿಮೆಯಾಗಿ ವಾಪಸು ಬರುತ್ತದೆ. 1,02,180ರಲ್ಲಿ 44,070 ಮತ್ತು 13,628 ಕಳೆದರೆ 44,482. ಐದರಿಂದ ಭಾಗಿಸಿದರೆ 8,896. ನವೆಂಬರ್ ಚೀಟಿಯಲ್ಲಿ ಬಂದದ್ದೂ 8,896.

ಇಂಥ ತಪ್ಪು ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಮುಂದಿನ ತಿಂಗಳ ಚೀಟಿಯಲ್ಲಿ ಬಾಕಿ ಇರುವುದಿಲ್ಲವಾದ್ದರಿಂದ ಸಿಸ್ಟಮ್ ಹೊಸದಾಗಿ ಅಂದಾಜು ಮಾಡಿ 15,30,000ಕ್ಕೇ ಬಂದುಬಿಡುತ್ತದೆ. ಆದರೆ ಬಾಕಿ ಮಾರ್ಚ್‌ನಲ್ಲಿ ಸಿಕ್ಕರೆ ಮುಂದಿನ ತಿಂಗಳು ಎಂಬುದೇ ಇಲ್ಲ. ಹೆಚ್ಚು ಹಿಡಿದದ್ದೇನಾದರೂ ಇದ್ದರೆ ರಿಟರ್ನ್ ಸಲ್ಲಿಸಿ ರೀಫಂಡ್‌ಗೆ ಕಾಯಬೇಕು. ಹಾಗಾಗಿ ಫೆಬ್ರುವರಿ, ಮಾರ್ಚ್ ಚೀಟಿಗಳನ್ನು ಬಂದ ದಿನವೇ ನೋಡುವುದು ಒಳ್ಳೆಯದು.

ನಮ್ಮ ಉದಾಹರಣೆಯ ಬಾಕಿ ಅದೇ ವರ್ಷದ್ದು. ಹಿಂದಿನ ವರ್ಷಗಳ ಬಾಕಿ 2025-26ರಲ್ಲಿ ಬಂದಿದ್ದರೆ 1961ರ ಕಾಯ್ದೆಯ ಕಲಂ 89ರ ಪರಿಹಾರ ಕೇಳಬಹುದು, ಅದಕ್ಕೆ ಫಾರ್ಮ್ 10ಇ ಸಲ್ಲಿಸಬೇಕು. ಜುಲೈಯ ಬಾಕಿ ಅಕ್ಟೋಬರ್‌ನಲ್ಲಿ ಬಂದದ್ದಕ್ಕೆ ಅದರ ಗೊಡವೆ ಇಲ್ಲ.

ಸಂಖ್ಯೆ ನೋಡಿಯೇ ಗುರುತಿಸಬಹುದಾದ ಇನ್ನೆರಡು ತಪ್ಪು

ಭಾವನ ಸಂಖ್ಯೆಗಳನ್ನೇ ಇಟ್ಟುಕೊಳ್ಳೋಣ. ಅಕ್ಟೋಬರ್‌ನಲ್ಲಿ 8,515 ಬಂದಿದ್ದರೆ? ಅದು 1,02,180ನ್ನು ಹನ್ನೆರಡರಿಂದ ಭಾಗಿಸಿದ್ದು. ಹೊಸ ತೆರಿಗೆ ಸರಿ, ಆದರೆ ಮೊದಲ ಆರು ತಿಂಗಳು ಕಡಿಮೆ ಹಿಡಿದದ್ದನ್ನು ಮರೆತಿದ್ದಾರೆ. ಹೀಗೇ ಮುಂದುವರಿದರೆ ವರ್ಷದ ಕೊನೆಗೆ 7,020 ಕಡಿಮೆ ಬೀಳುತ್ತದೆ. ಮಾರ್ಚ್‌ನಲ್ಲಿ ಎಚ್ಚೆತ್ತರೆ ಆ ಒಂದೇ ತಿಂಗಳು 15,535 ಹಿಡಿಯುತ್ತಾರೆ. ಕಡಿಮೆ ಹಿಡಿದ ತಪ್ಪನ್ನು ಯಾರೂ ದೂರುವುದಿಲ್ಲ, ಅದಕ್ಕೇ ಅದು ಮಾರ್ಚ್‌ವರೆಗೆ ಉಳಿದುಕೊಳ್ಳುತ್ತದೆ.

11,622 ಬಂದಿದ್ದರೆ ಅದು 58,110ನ್ನು ಐದರಿಂದ ಭಾಗಿಸಿದ್ದು. ಫೆಬ್ರುವರಿಗೇ ತೆರಿಗೆ ಮುಗಿದು ಮಾರ್ಚ್‌ನಲ್ಲಿ ಸೊನ್ನೆ ಬರುತ್ತದೆ. ವರ್ಷದ ಮೊತ್ತ ಸರಿಯಾಗಿಯೇ ಇರುವುದರಿಂದ ನಾನು ಇದಕ್ಕೆ ತಕರಾರು ಎತ್ತುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಜನವರಿಯಲ್ಲಿ ಬೇರೆ ಥರದ ಏರಿಕೆ ಬರುತ್ತದೆ. ಏಪ್ರಿಲ್‌ನಲ್ಲಿ 1,50,000 ಉಳಿತಾಯ ತೋರಿಸುತ್ತೇನೆ ಎಂದು ಬರೆದುಕೊಟ್ಟು, ರಸೀದಿ ಕೊಡದಿದ್ದರೆ ಆ ವಿನಾಯಿತಿಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಶೇ 20ರ ಸ್ಲ್ಯಾಬಿನವರಿಗೆ ಅದು ಸೆಸ್ ಸೇರಿ 31,200, ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,400. ಜನವರಿಯ ಏರಿಕೆ ಸರಿಯಾಗಿ 10,400 ಇದ್ದರೆ ಬೇರೇನೂ ಹುಡುಕಬೇಡಿ, ರಸೀದಿ ಕೊಡಿ.

12 ಲಕ್ಷದ ಗಡಿಯಲ್ಲಿರುವವರು

ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ ಅದು 12,75,000. ತಿಂಗಳಿಗೆ 1,05,000 ಪಡೆಯುವವರಿಗೆ ವರ್ಷಕ್ಕೆ 12,60,000, ಟಿಡಿಎಸ್ ಸೊನ್ನೆ. ಜನವರಿಯಲ್ಲಿ 30,000 ಬಾಕಿ ಬಂತು ಎನ್ನಿ. ಒಟ್ಟು 12,90,000, ಡಿಡಕ್ಷನ್ ಕಳೆದು 12,15,000. ಗಡಿ ದಾಟಿತು.

ಸ್ಲ್ಯಾಬಿನ ಪ್ರಕಾರ ತೆರಿಗೆ 62,250. ಆದರೆ ಗಡಿ ದಾಟಿದ್ದು 15,000 ಮಾತ್ರ. ಅಷ್ಟಕ್ಕೆ 62 ಸಾವಿರ ಕಟ್ಟಿಸುವುದು ನ್ಯಾಯವಲ್ಲವೆಂದು ಕಾಯ್ದೆಯಲ್ಲೇ ಮಾರ್ಜಿನಲ್ ರಿಲೀಫ್ ಇದೆ. ಗಡಿಗಿಂತ ಎಷ್ಟು ಜಾಸ್ತಿಯೋ ಅದಕ್ಕಿಂತ ತೆರಿಗೆ ಹೆಚ್ಚಾಗುವಂತಿಲ್ಲ. ಹಾಗಾಗಿ ತೆರಿಗೆ 15,000, ಸೆಸ್ ಸೇರಿ 15,600, ಉಳಿದ ಮೂರು ತಿಂಗಳಿಗೆ ತಿಂಗಳಿಗೆ 5,200. ರಿಲೀಫ್ ಮರೆತರೆ 64,740 ಆಗಿ ತಿಂಗಳಿಗೆ 21,580 ಕಡಿತವಾಗುತ್ತದೆ. ಬಂದ ಬಾಕಿಗಿಂತ ಎರಡು ಪಟ್ಟು ಹೆಚ್ಚು ಮೂರೇ ತಿಂಗಳಲ್ಲಿ ಹೋಗಿಬಿಡುತ್ತದೆ. ಈ ರಿಲೀಫ್ ತೆರಿಗೆಗೆ ಒಳಪಡುವ ಆದಾಯ ಸುಮಾರು 12,70,000 ಆಗುವವರೆಗೆ ಕೆಲಸ ಮಾಡುತ್ತದೆ, ಆಮೇಲೆ ಸ್ಲ್ಯಾಬಿನ ತೆರಿಗೆಯೇ ಕಡಿಮೆ ಇರುತ್ತದೆ. ಈ ಗಡಿಯಲ್ಲಿರುವವರು ಮೇಲಿನ ಸೂತ್ರದ ಉತ್ತರ ಮತ್ತು 12 ಲಕ್ಷದ ಮೇಲಿನ ಹೆಚ್ಚುವರಿ ಎರಡನ್ನೂ ಬರೆದು ಚಿಕ್ಕದನ್ನು ತೆಗೆದುಕೊಳ್ಳಿ. ಹೋಲಿಸುವಾಗ ಮಾತ್ರ ಸೂತ್ರದ ಕೊನೆಯ 1.04 ತೆಗೆದಿಡಿ, ಸೆಸ್ ಆಮೇಲೆ ಸೇರಿಸಿ.

ಹಿಡಿದದ್ದು ಕಟ್ಟಿದ್ದಾರೆಯೇ

ಚೀಟಿ ಸರಿಯಿದ್ದರೆ ಅರ್ಧ ಕೆಲಸ ಮುಗಿಯಿತು. ಹಿಡಿದ ತೆರಿಗೆ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂಬುದು 2025-26ರ ಮಟ್ಟಿಗೆ ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ. incometax.gov.in ತಾಣಕ್ಕೆ ಲಾಗಿನ್ ಆಗಿ ಅಲ್ಲಿಂದ ತೆಗೆಯಬಹುದು. ಆದರೆ ಅಕ್ಟೋಬರ್ ಟಿಡಿಎಸ್ ನವೆಂಬರ್‌ನಲ್ಲಿ ಕಾಣಲಿಲ್ಲವೆಂದು ಹೆದರಬೇಡಿ. ಮಾಲೀಕರು ಹಣವನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಆದರೆ ಯಾರ ಹೆಸರಿಗೆ ಎಷ್ಟು ಎಂಬ ವಿವರ ಕೊಡುವುದು ಮೂರು ತಿಂಗಳಿಗೊಮ್ಮೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ವಿವರಕ್ಕೆ ಜನವರಿ 31 ಕೊನೆಯ ದಿನ. ಭಾವನ 13,628, 26ಎಎಸ್‌ನಲ್ಲಿ ಕಂಡದ್ದು ಫೆಬ್ರುವರಿಯಲ್ಲಿ, ತೋಟದಲ್ಲಿ ರೊಬಸ್ಟಾ ಕೊಯ್ಲು ನಡೆದಿದ್ದಾಗ. ಫೆಬ್ರುವರಿ ಮಧ್ಯ ದಾಟಿಯೂ ಇಡೀ ತ್ರೈಮಾಸಿಕ ಖಾಲಿಯಿದ್ದರೆ ಕಚೇರಿಗೆ ಬರೆಯುವ ಹೊತ್ತಾಯಿತು.

ಎಲ್ಲ ಸರಿಯಿದ್ದೂ ತೆರಿಗೆ ಕಡಿಮೆ ಬೀಳುವುದು

ಇದು ನಮ್ಮ ಕೊಡಗಿನವರು ಮರೆಯುವ ಮಾತು. ಸಂಬಳದ ಲೆಕ್ಕ ರೂಪಾಯಿಗೆ ರೂಪಾಯಿ ಕೂಡಿಬಂದರೂ, ನಿಮ್ಮ ಹೆಸರಿನಲ್ಲಿ ಕಾಫಿ ತೋಟವಿದ್ದರೆ ವರ್ಷದ ತೆರಿಗೆ ಬೇರೆಯೇ ಆಗುತ್ತದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಚೆರಿಯಾಗಿಯೋ ಪಾರ್ಚ್‌ಮೆಂಟಾಗಿಯೋ ಮಾರಿದರೆ ಬರುವುದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಖರ್ಚು ಕಳೆದ ಕೃಷಿ ಆದಾಯ 5,000 ದಾಟಿದರೆ, ಬೇರೆ ಆದಾಯದ ಮೇಲಿನ ತೆರಿಗೆಯ ದರ ನಿರ್ಧರಿಸಲು ಅದನ್ನು ಕೂಡಿಸಿಕೊಳ್ಳಬೇಕು.

ಭಾವನ ಹೆಸರಿನಲ್ಲಿ ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟವಿದೆ. ಹಿಂದಿನ ಬೆಳೆಯ ಚೆರಿ ದಾಸ್ತಾನನ್ನು ಆ ವರ್ಷ ಮಾರಿ, ಖರ್ಚು ಕಳೆದು 3,00,000 ಉಳಿದಿತ್ತು. 14,55,000ಕ್ಕೆ ಅದನ್ನು ಸೇರಿಸಿದರೆ 17,55,000, ಅದಕ್ಕೆ ತೆರಿಗೆ 1,51,000. ಇದರಿಂದ ಕೃಷಿ ಆದಾಯ ಮತ್ತು 4 ಲಕ್ಷದ ಮೂಲ ವಿನಾಯಿತಿ ಸೇರಿದ 7,00,000ದ ಮೇಲಿನ ತೆರಿಗೆ 15,000 ಕಳೆಯಬೇಕು. ಉಳಿದದ್ದು 1,36,000, ಸೆಸ್ ಸೇರಿ 1,41,440. ಕಂಪನಿ ಹಿಡಿಯುವುದು 1,02,180. ಕಡಿಮೆ ಬೀಳುವುದು 39,260.

ಈ ಕೊರತೆ ಸಂಬಳ ಚೀಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಇದು ಕಂಪನಿಯ ತಪ್ಪೂ ಅಲ್ಲ, ಅವರ ಅಂದಾಜು ಸಂಬಳದ್ದು. 10,000 ದಾಟಿದ ಬಾಕಿಯನ್ನು ಮುಂಗಡ ತೆರಿಗೆಯಾಗಿ ನಾವೇ ಕಟ್ಟಬೇಕು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ಭಾವನಿಗೆ ಇದು ಗೊತ್ತಾದದ್ದೇ ಅಕ್ಟೋಬರ್‌ನ ಆ ಸಂಜೆ. ಮೊದಲ ಎರಡು ಕಂತು ತಪ್ಪಿಹೋಗಿದ್ದವು, ಅದಕ್ಕೆ ಬಡ್ಡಿ ಸುಮಾರು 700 ರೂಪಾಯಿ ಬಿತ್ತು. ಡಿಸೆಂಬರ್ ಎರಡನೇ ವಾರ ಪೋರ್ಟಲ್‌ನ e-Pay Tax ತೆರೆದು 29,445 ಕಟ್ಟಿದರು, ಉಳಿದ 9,815 ಮಾರ್ಚ್ 15ಕ್ಕೆ ಮುಂಚೆ. ಚಲನ್‌ನ ಪ್ರತಿಯನ್ನು ಲೆಕ್ಕ ಬರೆದ ಅದೇ ಹಾಳೆಯ ಹಿಂದೆ ಅಂಟಿಸಿಟ್ಟಿದ್ದಾರೆ.